ತಾತ ಮೊಳಕೆ ಬರುವುದು ಯಾವಾಗ? — ಮಕ್ಕಳಿಗೆ ಸಾವನ್ನು ತಿಳಿಸುವ ಬಗೆ

ಹುಳಿಯಾರಿನ ಸಮೀಪದ ಹಳ್ಳಿಯೊಂದರಿಂದ ತಾಯಿಯೊಬ್ಬರು ತಮ್ಮ ನಾಲ್ಕು ವರ್ಷದ ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಎರಡು ತಿಂಗಳ ಹಿಂದೆ ಆ ಮನೆಯ ಹಿರಿಯರು ಜಠರದ ಕ್ಯಾನ್ಸರಿನಿಂದ ಲಿಂಗೈಕ್ಯರಾಗಿದ್ದರು. ಅಂದಿನಿಂದ ಮಗು ರಾತ್ರಿ ಮಲಗಲು ಒಲ್ಲದು, ಕಣ್ಣು ಮುಚ್ಚಿದರೆ ಬೆಚ್ಚಿ ಏಳುತ್ತದೆ. ಬೆಳಗಾದೊಡನೆ ಚೊಂಬಿನಲ್ಲಿ ನೀರು ಹಿಡಿದು ತೋಟದಲ್ಲಿರುವ ತಾತನ ಸಮಾಧಿಗೆ ಓಡುತ್ತದೆ. "ನೀರು ಹಾಕೋದನ್ನ ಭಕ್ತಿ ಅಂದ್ಕೊಂಡಿದ್ವಿ ಡಾಕ್ಟ್ರೇ. ನಿದ್ದೆಗೆ ಏನಾದ್ರೂ ಲೇಹ್ಯ ಕೊಡಿ" ಎಂದರು ತಾಯಿ.

ನಾನು ಮಗುವನ್ನೇ ಕೇಳಿದೆ. ಅದು ನನ್ನ ಮುಖ ನೋಡಿ, "ತಾತ ಮೊಳಕೆ ಬರೋದು ಯಾವಾಗ?" ಎಂದಿತು.

ಆ ಮಗುವಿನ ತರ್ಕದಲ್ಲಿ ತಪ್ಪೇನಿರಲಿಲ್ಲ. ಬಿತ್ತನೆಯ ತೆಂಗಿನಕಾಯಿಯನ್ನು ಮಣ್ಣಿನಲ್ಲಿ ಹೂಳಿ ನೀರು ಹಾಕಿದರೆ ಕೆಲವು ತಿಂಗಳಲ್ಲಿ ಮೊಳಕೆ ಬರುವುದನ್ನು ಅದು ಕಂಡಿತ್ತು. ತಾತನನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಪತ್ರೆ ಹೂವಿನೊಡನೆ ಅದೇ ತೋಟದ ಗುಣಿಯಲ್ಲಿ ಇಟ್ಟು ಮಣ್ಣು ಮುಚ್ಚಿದ್ದನ್ನೂ ಕಂಡಿತ್ತು. ಇದರ ಜೊತೆಗೆ ಮನೆಯವರೊಬ್ಬರು "ತಾತ ಮಲಗಿದ್ದಾರೆ" ಎಂದಿದ್ದರು. ಮಲಗಿದವರನ್ನು ಮಣ್ಣು ಮಾಡುವುದಾದರೆ ತಾನು ಮಲಗುವುದೆಂತು? ನಿದ್ದೆಗೇಡಿನ ಮೂಲ ಈ ಒಂದು ಮಾತಿನಲ್ಲಿತ್ತು. ಹೀಗಾಗಿ ನಾನು ಲೇಹ್ಯ ಕೊಡಲಿಲ್ಲ. ಮಾತನ್ನು ತಿದ್ದಲು ಹೇಳಿದೆ.

ಸಾವೆಂಬ ತಿಳಿವಳಿಕೆ ಮಗುವಿಗೆ ಒಮ್ಮೆಗೇ ಬರುವುದಿಲ್ಲ. ಹಂಗೇರಿಯ ಮರಿಯಾ ನಾಗಿ ಎಂಬ ವಿದುಷಿ ಮೂರರಿಂದ ಹತ್ತು ವರ್ಷದ ಮಕ್ಕಳನ್ನು ಮಾತನಾಡಿಸಿ, 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮೂರು ಹಂತವಾಗಿ ಗುರುತಿಸಿದರು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ನಿದ್ದೆಯೆಂದೋ ಊರಿಗೆ ಹೋದಂತೆಂದೋ ತಿಳಿಯುತ್ತಾರೆ. ಐದರಿಂದ ಒಂಬತ್ತರವರೆಗಿನವರು ಅದನ್ನು ಹಿಡಿದುಕೊಂಡು ಹೋಗುವ ಒಬ್ಬ ವ್ಯಕ್ತಿಯಂತೆ ಕಲ್ಪಿಸುವುದುಂಟು. ಒಂಬತ್ತರ ನಂತರವೇ ಸಾವು ಎಲ್ಲರಿಗೂ ಬರುವಂಥದು, ದೇಹದ ಕೆಲಸ ನಿಲ್ಲುವುದೇ ಅದು ಎಂಬ ಅರಿವು ಗಟ್ಟಿಯಾಗುತ್ತದೆ. ಈ ವಯಸ್ಸಿನ ಗೆರೆಗಳು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಮನೆಯಲ್ಲಿ ಸಾವು ಕಂಡ ಮಗು ಬೇಗ ತಿಳಿಯಬಹುದು.

ಆ ಮನೆಯಲ್ಲಿ ಮೂವರು ಮೊಮ್ಮಕ್ಕಳಿದ್ದರು. ಒಂದೇ ಸಾವನ್ನು ಮೂವರೂ ಮೂರು ಬಗೆಯಾಗಿ ಕಂಡಿದ್ದರು.

ನಾಲ್ಕು ವರ್ಷದ ಮಗುವಿಗೆ ತಾಯಿ ಹೇಳಬೇಕಾದ ಮಾತನ್ನು ನಾವಿಬ್ಬರೂ ಕೂಡಿ ಹೊಂದಿಸಿದೆವು: "ತಾತ ಸತ್ತುಹೋದ್ರು. ಅವರ ಮೈ ಕೆಲಸ ಮಾಡೋದು ನಿಂತುಹೋಯ್ತು. ಅವರು ಉಸಿರಾಡಲ್ಲ, ಅವರಿಗೆ ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಅವರು ಮತ್ತೆ ಬರಲ್ಲ. ಕಾಯಿ ಒಳಗೆ ಜೀವ ಇರುತ್ತೆ, ಅದಕ್ಕೆ ಮೊಳಕೆ ಬರುತ್ತೆ. ಮನುಷ್ಯರು ಹಾಗೆ ಮೊಳಕೆ ಬರಲ್ಲ. ನೀನು ಮಲಗೋದು ನಿದ್ದೆ, ಬೆಳಿಗ್ಗೆ ಎದ್ದೇಳ್ತೀಯ." 'ಸತ್ತುಹೋದರು' ಎಂಬ ಮಾತು ನಮಗೆ ಕಟುವೆನಿಸುತ್ತದೆ. ಲಿಂಗೈಕ್ಯ, ಶಿವೈಕ್ಯ ಎಂಬ ಮಾತುಗಳು ನಮ್ಮ ನಂಬಿಕೆಯ ಮಾತುಗಳು, ಅವನ್ನು ಬಿಡಬೇಕಿಲ್ಲ. ಆದರೆ ಈ ವಯಸ್ಸಿನ ಮಗುವಿಗೆ ಮೊದಲು ದೇಹಕ್ಕೆ ಏನಾಯಿತೆಂಬುದನ್ನು ಹೇಳಿ, ಅನಂತರ ನಂಬಿಕೆಯ ಮಾತನ್ನು ಸೇರಿಸಬೇಕು. "ದೇವರಿಗೆ ಇಷ್ಟವಾದ್ರು, ಕರ್ಕೊಂಡ" ಎಂದಷ್ಟೇ ಹೇಳಿದರೆ ನಾಳೆ ಅಮ್ಮನನ್ನೂ ಕರೆದೊಯ್ದಾನೆಂಬ ಭಯ ಹುಟ್ಟುತ್ತದೆ. ಮಗು ಇದೇ ಪ್ರಶ್ನೆಯನ್ನು ವಾರಗಟ್ಟಲೆ ಕೇಳುತ್ತದೆ. ಪ್ರತಿ ಸಲವೂ ಅದೇ ಉತ್ತರವನ್ನು ಅದೇ ಮಾತಿನಲ್ಲಿ ಕೊಡಬೇಕು. ಉತ್ತರ ಬದಲಾದರೆ ಅನುಮಾನ ಬೆಳೆಯುತ್ತದೆ.

ಎಂಟು ವರ್ಷದ ಅಕ್ಕನ ಕಷ್ಟ ಬೇರೆಯದು. ತಾತ ಕುಡಿಯುತ್ತಿದ್ದ ಲೋಟವನ್ನು ಆಕೆ ಮುಟ್ಟುತ್ತಿರಲಿಲ್ಲ. ಹೊಟ್ಟೆ ನೋವೆಂದು ಶಾಲೆ ತಪ್ಪಿಸುತ್ತಿದ್ದಳು. ಬಿಡುವಾಗಿ ಕುಳಿತು ಮಾತನಾಡಿಸಿದಾಗ ಎರಡು ಸಂಗತಿ ಹೊರಬಂದವು. ಕ್ಯಾನ್ಸರ್ ಅಂಟುತ್ತದೆಂದು ನಂಬಿದ್ದಳು. ಅಲ್ಲದೆ, ತಾತ ನೀರು ಕೇಳಿದಾಗ ಒಮ್ಮೆ ಸಿಡುಕಿ ಎದ್ದು ಹೋಗಿದ್ದಳು. ಅದರಿಂದಲೇ ಅವರ ಕಾಯಿಲೆ ಹೆಚ್ಚಿತೆಂದು ಎಣಿಸಿದ್ದಳು. ಈ ವಯಸ್ಸಿನ ಮಕ್ಕಳು ಕಾರಣ ಹುಡುಕುತ್ತಾರೆ. ಯಾರೂ ಹೇಳದಿದ್ದರೆ ತಮ್ಮನ್ನೇ ಕಾರಣವಾಗಿಸಿಕೊಳ್ಳುತ್ತಾರೆ. ಆದ್ದರಿಂದ ಅವರು ಕೇಳುವ ಮೊದಲೇ ಮೂರು ಮಾತು ಹೇಳಬೇಕು. ಈ ಕಾಯಿಲೆ ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟುವುದಿಲ್ಲ. ನೀನು ಮಾಡಿದ ಯಾವ ಕೆಲಸದಿಂದಲೂ, ನೆನೆದ ಯಾವ ಮಾತಿನಿಂದಲೂ ಇದು ಬರಲಿಲ್ಲ. ನೀನು ಏನು ಮಾಡಿದ್ದರೂ ಇದನ್ನು ತಡೆಯಲಾಗುತ್ತಿರಲಿಲ್ಲ.

ಹದಿಮೂರರ ಅಣ್ಣನು ಸುಮ್ಮನಿದ್ದ. ಮನೆಯವರು "ಅವನಿಗೆ ಎಲ್ಲ ಗೊತ್ತು, ಧೈರ್ಯವಂತ" ಎಂದರು. ತಾತನನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ದಾಗ ಅವನಿಗೆ "ಗ್ಯಾಸ್ ಟ್ರಬಲ್" ಎಂದಿದ್ದರು. ಅವನು ಚೀಟಿಯಲ್ಲಿದ್ದ ಹೆಸರನ್ನು ಓದಿ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಿದ್ದ. ತಾತನ ಸಾವಿಗಿಂತ, ತನಗೆ ಸುಳ್ಳು ಹೇಳಿದರೆಂಬುದೇ ಅವನನ್ನು ಹೆಚ್ಚು ನೋಯಿಸಿತ್ತು. ಈ ವಯಸ್ಸಿನವರಿಗೆ ಕಾಯಿಲೆಯ ಹೆಸರು, ವೈದ್ಯರು ಹೇಳಿದ್ದು, ಮುಂದೆ ಆಗಬಹುದಾದದ್ದು ಎಲ್ಲವನ್ನೂ ಹೇಳಬಹುದು. ಅವರನ್ನು ಮನೆಯ ಹಿರಿಯನಂತೆ ದುಡಿಸಬಾರದು. ಆದರೆ ತಾತನಿಗೆ ಪತ್ರಿಕೆ ಓದಿ ಹೇಳುವಂಥ ಒಂದು ಕೆಲಸ ಕೊಟ್ಟರೆ ಅಗಲಿಕೆ ಅರ್ಥಪೂರ್ಣವಾಗುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಮಾತು ಸಾವಿನ ದಿನ ಆರಂಭವಾಗಬಾರದು, ಕಾಯಿಲೆಯ ದಿನವೇ ಆರಂಭವಾಗಬೇಕು. ಚಿಕಿತ್ಸೆಗೆ ಮುನ್ನವೇ "ಔಷಧಿಯಿಂದ ತಾತನಿಗೆ ವಾಂತಿಯಾಗಬಹುದು, ಕೂದಲು ಉದುರಬಹುದು" ಎಂದು ಹೇಳಿದ್ದರೆ ಮಗು ಬದಲಾದ ಮುಖ ಕಂಡು ಹೆದರದು. ಗುಣವಾಗದೆಂದು ವೈದ್ಯರು ಹೇಳಿದ ಮೇಲೆ "ವಾಸಿಯಾಗುತ್ತಾರೆ" ಎಂದು ಭರವಸೆ ಕೊಡಬಾರದು. "ಔಷಧಿಯಿಂದ ಕಾಯಿಲೆ ಹೋಗುತ್ತಿಲ್ಲ, ನೋವು ಕಡಿಮೆ ಮಾಡುತ್ತಿದ್ದಾರೆ" ಎನ್ನಬೇಕು. ಅಂತ್ಯಕ್ರಿಯೆಗೆ ಬರುವೆಯಾ ಎಂದು ಮಗುವನ್ನು ಕೇಳಬೇಕು. ಅಲ್ಲಿ ಕಾಣುವುದನ್ನು ಮೊದಲೇ ವಿವರಿಸಬೇಕು. ದೇಹ ತಣ್ಣಗಿರುತ್ತದೆ, ಕುಳ್ಳಿರಿಸಿರುತ್ತಾರೆ, ದೊಡ್ಡವರು ಅಳುತ್ತಾರೆ ಎಂದು ತಿಳಿಸಬೇಕು. ಬಾರೆನೆಂದರೆ ಒತ್ತಾಯಿಸಬಾರದು. ಬಂದರೆ, ಕರ್ಮಗಳಲ್ಲಿ ತೊಡಗದ ಒಬ್ಬರು ಅದರ ಕೈ ಹಿಡಿದಿರಬೇಕು. "ನೀನೂ ಸಾಯ್ತೀಯಾ ಅಮ್ಮ?" ಎಂದು ಕೇಳಿದರೆ "ಎಂದೂ ಇಲ್ಲ" ಎನ್ನಲಾಗದು. "ಎಲ್ಲರೂ ಒಂದು ದಿನ ಸಾಯ್ತಾರೆ. ಈಗ ನಾನು ಆರೋಗ್ಯವಾಗಿದ್ದೀನಿ. ನನಗೇನಾದ್ರೂ ಆದ್ರೆ ಅಪ್ಪ, ಅಜ್ಜಿ ನಿನ್ನ ನೋಡ್ಕೋತಾರೆ" ಎಂಬ ಉತ್ತರ ಸಾಕು.

ಕೆಲವು ವಾರ ಹಾಸಿಗೆ ಒದ್ದೆ ಮಾಡುವುದು, ಅಂಟಿಕೊಂಡೇ ಇರುವುದು, ನಡುವೆಯೇ ನಗುತ್ತ ಆಡುವುದು ಸಹಜ. ಆದರೆ ಊಟ, ನಿದ್ದೆ, ಶಾಲೆ ತಿಂಗಳುಗಟ್ಟಲೆ ಕೆಟ್ಟರೆ, ಎಷ್ಟು ಹೇಳಿದರೂ ತನ್ನದೇ ತಪ್ಪೆಂದರೆ ತಜ್ಞರ ಸಲಹೆ ಬೇಕು. "ನಾನೂ ತಾತನ ಹತ್ರ ಹೋಗ್ತೀನಿ" ಎಂದು ಪದೇ ಪದೇ ಹೇಳಿದರೆ ಅದೇ ದಿನ ಸಹಾಯ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ; ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಆ ಮಗು ತಿಂಗಳ ನಂತರ ಮತ್ತೆ ಬಂದಿತ್ತು. ರಾತ್ರಿ ಮಲಗುತ್ತಿತ್ತು. ಸಮಾಧಿಗೆ ನೀರು ಹಾಕುವುದನ್ನು ಬಿಟ್ಟಿರಲಿಲ್ಲ. ಯಾಕೆ ಹಾಕುತ್ತೀಯೆಂದು ಕೇಳಿದೆ. "ತಾತ ಬರಲ್ಲ. ಅಲ್ಲಿ ಚೆಂಡು ಹೂವಿನ ಗಿಡ ಹಾಕಿದ್ದೀವಿ" ಎಂದಿತು.