ವೇಟಿಂಗ್ 31 ವಾಸಿಯೋ, 9 ವಾಸಿಯೋ?

ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮದಲ್ಲಿ ಹಾವೇರಿಗೆ ಹೋಗಬೇಕು, ಭಾನುವಾರ ರಾತ್ರಿ ಅದರಲ್ಲೇ ವಾಪಸ್ಸು. ಎರಡಕ್ಕೂ ವೇಟಿಂಗ್. ಹೋಗುವುದು 31, ಬರುವುದು 9. ‘ಬರೋದು ಪಕ್ಕಾ ಮಾವ, ಹೋಗೋದೇ ಅನುಮಾನ’ ಅಂದೆ ನೀನು. ಲೆಕ್ಕ ಉಲ್ಟಾ ಹಾಕಿದ್ದೀಯ ಕಣಪ್ಪಾ. ವಿಜಯನಗರದ ನಿನ್ನ ರೂಮಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಪಿಎನ್‌ಆರ್ ನೋಡುವ ಬದಲು, ಆ ನಂಬರು ಹೇಗೆ ಇಳಿಯುತ್ತದೆ ಎಂದು ಒಮ್ಮೆ ತಿಳಿದುಕೋ.

ನಿನ್ನ ಹೋಗುವ ಟಿಕೆಟ್ ನೋಡು. ಬುಕ್ ಮಾಡಿದಾಗ 48, ಈಗ 31. ಮೊದಲಿನದು ಕ್ರಮಸಂಖ್ಯೆ, ಅದು ಕೊನೆಯವರೆಗೂ ಬದಲಾಗುವುದಿಲ್ಲ. ಎರಡನೆಯದು ಇವತ್ತು ಸಾಲಿನಲ್ಲಿ ನೀನು ನಿಂತಿರುವ ಜಾಗ. ನಡುವಿನ ಹದಿನೇಳು ಜನರಲ್ಲಿ ಕೆಲವರಿಗೆ ಜಾಗ ಸಿಕ್ಕಿರುತ್ತದೆ, ಕೆಲವರು ಬೇಸತ್ತು ತಮ್ಮ ವೇಟಿಂಗ್ ಟಿಕೆಟನ್ನೇ ರದ್ದು ಮಾಡಿರುತ್ತಾರೆ. ನಿನ್ನ ಮಟ್ಟಿಗೆ ಎರಡೂ ಒಂದೇ, ಮುಂದಿನವನು ಹೋದ, ನೀನು ಒಂದು ಹೆಜ್ಜೆ ಮುಂದೆ ಬಂದೆ. ನಿನ್ನ ಹಿಂದಿನವರು ಎಷ್ಟು ಜನ ರದ್ದು ಮಾಡಿದರೂ ನಿನಗೆ ಲಾಭವಿಲ್ಲ. ಕನ್‌ಫರ್ಮ್ ಆದವನೊಬ್ಬ ರದ್ದು ಮಾಡಿದರೆ ಆ ಬರ್ತ್ ನೇರವಾಗಿ ವೇಟಿಂಗ್ ಒಂದಕ್ಕೆ ಬರುವುದಿಲ್ಲ. ಸೈಡ್ ಲೋಯರ್‌ನಲ್ಲಿ ಇಬ್ಬಿಬ್ಬರಾಗಿ ಕೂತಿರುವ ಆರ್‌ಎಸಿಯವರಲ್ಲಿ ಮೊದಲಿನವನಿಗೆ ಬರ್ತ್ ಹೋಗುತ್ತದೆ, ಅವನು ಬಿಟ್ಟ ಜಾಗಕ್ಕೆ ವೇಟಿಂಗ್ ಒಂದು ಆರ್‌ಎಸಿಯಾಗಿ ಬರುತ್ತದೆ. ಆರ್‌ಎಸಿ ಆದರೆ ಗಾಡಿ ಹತ್ತಲು ಹಕ್ಕು ಬಂತು, ಕೂತಾದರೂ ಊರು ಸೇರಬಹುದು. ಹಾಗಾಗಿ ನೀನು ಕೇಳಿಕೊಳ್ಳಬೇಕಾದದ್ದು ‘ಬರ್ತ್ ಸಿಗುತ್ತದೆಯೇ’ ಎಂದಲ್ಲ, ‘ಆರ್‌ಎಸಿಯವರೆಗೆ ಮುಟ್ಟುತ್ತೇನೆಯೇ’ ಎಂದು.

ಇದಕ್ಕೆ ಆ್ಯಪ್‌ಗಳು ತೋರಿಸುವ ಶೇಕಡಾವಾರು ಭವಿಷ್ಯಕ್ಕಿಂತ ನಂಬಿಕಸ್ಥ ದಾರಿಯೊಂದಿದೆ. ನಿನ್ನ ಪ್ರಯಾಣಕ್ಕೆ ಒಂದು ವಾರ ಮುಂಚಿನ ಶುಕ್ರವಾರ, ಅದೇ ಗಾಡಿಗೆ, ಅದೇ ಸ್ಲೀಪರ್‌ಗೆ, ಅದೇ ಎರಡು ಊರುಗಳ ನಡುವೆ, ಚಾರ್ಟ್ ಆಗುವ ಸ್ವಲ್ಪ ಮೊದಲು ಲಭ್ಯತೆ ನೋಡು. `GNWL70/WL12` ಎಂದು ತೋರಿಸಿತು ಅಂತಿಟ್ಟುಕೋ. ಈಗ ಹೊಸದಾಗಿ ತೆಗೆದವನ ಕ್ರಮಸಂಖ್ಯೆ 70, ಸಾಲಿನಲ್ಲಿ ಅವನ ಜಾಗ 12 ಎಂದರ್ಥ. 70ರಲ್ಲಿ 12 ಕಳೆ, 58. ಅಂದರೆ ಆ ವಾರ ಹೆಚ್ಚುಕಡಿಮೆ 58ರವರೆಗಿನ ಕ್ರಮಸಂಖ್ಯೆಯವರು ಸಾಲಿನಿಂದ ಆಚೆ ಬಂದಿದ್ದಾರೆ. ಸಾಲಿನ ತುದಿಯವರೂ ಕೆಲವರು ರದ್ದು ಮಾಡಿರುತ್ತಾರಾದ್ದರಿಂದ ಇನ್ನೊಂದೈದಾರು ಕಳೆದು 52 ಎಂದಿಟ್ಟುಕೋ. ನಿನ್ನ ಕ್ರಮಸಂಖ್ಯೆ 48, ಅದರೊಳಗೇ ಬಿತ್ತು. ಹೋಲಿಸಬೇಕಾದದ್ದು ಈಗಿನ 31 ಅಲ್ಲ, ಮೊದಲಿನ 48. ಬಹಳ ಜನ ಎಡವುವುದು ಇಲ್ಲೇ.

ಸಾಧಾರಣ ಶುಕ್ರವಾರವನ್ನು ಸಾಧಾರಣ ಶುಕ್ರವಾರದ ಜೊತೆಗೇ ತೂಗಬೇಕು. ಗೌರಿ-ಗಣೇಶ, ದೀಪಾವಳಿ, ಯುಗಾದಿಯ ಹಿಂದಿನ ರಾತ್ರಿ ಯಾರೂ ಟಿಕೆಟ್ ಬಿಟ್ಟುಕೊಡುವುದಿಲ್ಲ, ಆವತ್ತು ಈ ಲೆಕ್ಕ ಕೆಲಸಕ್ಕೆ ಬಾರದು. ಬೋಗಿಗಳನ್ನೂ ನೋಡು. ಹಳೆಯ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಎಲ್‌ಎಚ್‌ಬಿಯಲ್ಲಿ 80. ಹತ್ತು ಬೋಗಿಯ ಸ್ಲೀಪರ್‌ನಲ್ಲಿ ಮೂವತ್ತು ಜನ ರದ್ದು ಮಾಡುವುದು ದೊಡ್ಡ ಮಾತಲ್ಲ. ಎರಡೇ ಬೋಗಿಯ ಎಸಿಯಲ್ಲಿ ಅದೇ ಮೂವತ್ತು ಬೆಟ್ಟ.

ಹಳಬರು ‘ನೂರು ವೇಟಿಂಗ್ ಇದ್ದರೂ ಆಗುತ್ತಿತ್ತು’ ಎನ್ನುವುದನ್ನು ನಂಬಿ ಕೂರಬೇಡ. ಆಗ 120 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು, ನಾಲ್ಕು ತಿಂಗಳ ಹಿಂದೆ ಅಂದಾಜಿನ ಮೇಲೆ ತೆಗೆದವರು ಆಮೇಲೆ ರದ್ದು ಮಾಡುತ್ತಿದ್ದರು. 2024ರ ನವೆಂಬರ್ 1ರಿಂದ ಅದನ್ನು 60 ದಿನಕ್ಕೆ ಇಳಿಸಿದಾಗ ರೈಲ್ವೆಯೇ ಕೊಟ್ಟ ಕಾರಣ ಇದು: ಅಷ್ಟು ಮುಂಚೆ ತೆಗೆದವುಗಳಲ್ಲಿ ಸುಮಾರು ಶೇ. 21 ಟಿಕೆಟ್ ರದ್ದಾಗುತ್ತಿವೆ, ಶೇ. 4ರಿಂದ 5 ಜನ ಗಾಡಿಗೇ ಬರುತ್ತಿಲ್ಲ. ಈಗ ತೆಗೆಯುವವರು ಹೋಗುವುದನ್ನು ಬಹುಪಾಲು ಗಟ್ಟಿ ಮಾಡಿಕೊಂಡೇ ತೆಗೆಯುತ್ತಾರೆ.

ಇನ್ನು ನಿನ್ನ 9ರ ವಿಷಯ. ಅದರ ಹಿಂದೆ ಇರುವ ಅಕ್ಷರ ನೋಡಿದೆಯಾ? `PQWL`. ಹೋಗುವ ಟಿಕೆಟ್‌ನಲ್ಲಿ `GNWL`. ಇವೆರಡು ಬೇರೆ ಬೇರೆ ಸಾಲುಗಳು. `GNWL` ಎನ್ನುವುದು ಸಾಮಾನ್ಯ ಕೋಟಾದ ಸಾಲು, ಗಾಡಿಯ ಹೆಚ್ಚಿನ ಬರ್ತ್‌ಗಳು ಅದರ ಪಾಲಿಗಿರುತ್ತವೆ, ಅಲ್ಲಿ ರದ್ದತಿಯೂ ಹೆಚ್ಚು. ನಡುವಿನ ಊರಿನಿಂದ ಹತ್ತುವವರಿಗೆ, ಕೆಲವು ಸಲ ನಡುವೆ ಇಳಿಯುವವರಿಗೂ, ಬೇರೆ ಪುಟ್ಟ ಕೋಟಾ ಇರುತ್ತದೆ. ಅದರ ಸಾಲು `PQWL` ಅಥವಾ `RLWL`. ಆ ಕೋಟಾದಲ್ಲಿ ಇರುವುದೇ ಬೆರಳೆಣಿಕೆಯ ಬರ್ತ್ ಆದರೆ, ಅದರೊಳಗೇ ಒಂಬತ್ತು ಜನ ರದ್ದು ಮಾಡಬೇಕು. ಪಕ್ಕದ ಸಾಮಾನ್ಯ ಕೋಟಾದಲ್ಲಿ ಇಪ್ಪತ್ತು ಬರ್ತ್ ಖಾಲಿಯಾದರೂ ಅವು ಮೊದಲು ಆ ಸಾಲಿನವರಿಗೇ ಹೋಗುತ್ತವೆ. ತತ್ಕಾಲ್ ವೇಟಿಂಗ್ `TQWL` ಇದಕ್ಕಿಂತ ಕಡೆ. ಅದಕ್ಕೆ ಆರ್‌ಎಸಿಯೆಂಬ ಮೆಟ್ಟಿಲೇ ಇಲ್ಲ, ಚಾರ್ಟ್‌ನಲ್ಲಿ ಸಾಮಾನ್ಯ ಸಾಲಿಗೇ ಮೊದಲ ಮಣೆ.

ಇದಕ್ಕೊಂದು ಉಪಾಯವಿದೆ, ನಮ್ಮ ಕೆಂಗೇರಿಯವರಿಗೂ ಅದು ಬೇಕಾಗುತ್ತದೆ. ಮೈಸೂರಿನಿಂದ ಹೊರಡುವ ಗಾಡಿಗೆ ಕೆಂಗೇರಿಯಿಂದ ಕೇಳಿದಾಗ ಸಣ್ಣ ಸಾಲು ಬಂದರೆ, ಮೈಸೂರಿನಿಂದ ಎಷ್ಟಿದೆ ಎಂದೂ ನೋಡಬೇಕು. ಅಲ್ಲಿ ಜಾಗವಿದ್ದರೆ ಟಿಕೆಟ್ ಮೈಸೂರಿನಿಂದ ತೆಗೆದು, ಬುಕ್ ಮಾಡುವಾಗಲೇ ಹತ್ತುವ ನಿಲ್ದಾಣ ಕೆಂಗೇರಿ ಎಂದು ನಮೂದಿಸಬೇಕು. ಅಷ್ಟು ದೂರದ ಹೆಚ್ಚಿನ ದರ ಕೊಡಬೇಕಾಗುತ್ತದೆ, ಆದರೆ ನಿಲ್ಲುವುದು ದೊಡ್ಡ ಸಾಲಿನಲ್ಲಿ. ನೀನೂ ಭಾನುವಾರಕ್ಕೆ ಗಾಡಿ ಹೊರಡುವ ಊರಿನಿಂದ ಕೇಳಿ ನೋಡು, ಹತ್ತುವುದು ಹಾವೇರಿ ಎಂದು ಹಾಕು. ಹತ್ತುವ ನಿಲ್ದಾಣ ನಮೂದಿಸದೆ ಹಾವೇರಿಯಲ್ಲಿ ಕಾಯುತ್ತ ನಿಂತರೆ ಟಿಸಿ ಆ ಬರ್ತನ್ನು ಆರ್‌ಎಸಿಯವನಿಗೆ ಕೊಟ್ಟುಬಿಡಬಹುದು.

ಕೊನೆಯದು ಚಾರ್ಟಿನ ಹೊತ್ತು. ಮೊದಲು ಗಾಡಿ ಹೊರಡುವ ನಾಲ್ಕು ಗಂಟೆ ಮುಂಚೆ ಚಾರ್ಟ್ ಆಗುತ್ತಿತ್ತು. 2025ರ ಜುಲೈನಿಂದ ಎಂಟು ಗಂಟೆ, ಅದೇ ವರ್ಷದ ಡಿಸೆಂಬರ್‌ನ ಆದೇಶದಲ್ಲಿ ಹತ್ತು ಗಂಟೆ. ರಾತ್ರಿ 11ರ ಸುಮಾರಿಗೆ ಮೆಜೆಸ್ಟಿಕ್ ಬಿಡುವ ಗಾಡಿಗೆ ಮಧ್ಯಾಹ್ನ ಒಂದರ ಹೊತ್ತಿಗೆ ನಿನ್ನ ಹಣೆಬರಹ ಗೊತ್ತಾಗುತ್ತದೆ. ಬಳಕೆಯಾಗದ ತುರ್ತು ಕೋಟಾ, ಇತರ ಕೋಟಾಗಳ ಬರ್ತ್‌ಗಳು ಆಗಲೇ ಸಾಲಿಗೆ ಬಿಡುಗಡೆಯಾಗಿ ನಂಬರು ಒಮ್ಮೆಲೇ ಜಿಗಿಯುವುದುಂಟು. ಸಂಜೆ ರಜೆ ಸಿಗದೆ ರದ್ದು ಮಾಡುವವರ ಬರ್ತ್ ಮಾತ್ರ ನಿನ್ನಂಥ ವೇಟಿಂಗ್‌ನವರಿಗೆ ಇನ್ನು ಸಿಗದು. ಅಷ್ಟರಲ್ಲಿ ಆನ್‌ಲೈನ್ ವೇಟಿಂಗ್ ಟಿಕೆಟ್ ತಾನಾಗಿಯೇ ರದ್ದಾಗಿ, ಸ್ವಲ್ಪ ಕಡಿತವಾಗಿ ದುಡ್ಡು ಖಾತೆಗೆ ಹೊರಟಿರುತ್ತದೆ. ಆ ಸಂಜೆಯ ಲಾಭ ಆರ್‌ಎಸಿಯವರಿಗೆ. ಹಾಗಾಗಿ ವೇಟಿಂಗ್ ಒಂದಕ್ಕೂ ಆರ್‌ಎಸಿಯ ಕಡೆಯ ನಂಬರಿಗೂ ಈಗ ಅಜಗಜಾಂತರ. ಕೌಂಟರ್ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ, ಆದರೆ ಅದನ್ನಿಟ್ಟುಕೊಂಡು ಸ್ಲೀಪರ್ ಹತ್ತುವಂತಿಲ್ಲ. ದುಡ್ಡು ಬೇಕಾದರೆ ಗಾಡಿ ಹೊರಡುವ ಅರ್ಧ ಗಂಟೆ ಮೊದಲೇ ಕೌಂಟರಿಗೆ ಹೋಗಬೇಕು.

ಶುಕ್ರವಾರದ 31ಕ್ಕೆ ಈಗಲೇ ಬಸ್ ಟಿಕೆಟ್ ತೆಗೆದು ದುಡ್ಡು ಹಾಳು ಮಾಡಬೇಡ. ಮಧ್ಯಾಹ್ನ ಚಾರ್ಟ್ ನೋಡು, ಆಗದಿದ್ದರೆ ರಾತ್ರಿಯ ಬಸ್ಸಿಗೆ ಹೊತ್ತಿರುತ್ತದೆ. ಭಾನುವಾರದ 9ನ್ನು ಮಾತ್ರ ನಂಬಬೇಡ, ಅದಕ್ಕೆ ಇವತ್ತೇ ಹಾವೇರಿಯಿಂದ ಕೆಎಸ್‌ಆರ್‌ಟಿಸಿಯಲ್ಲಿ ಸೀಟು ಹಿಡಿ.