ಕೀ ಕೊಡೋ ವಾಚು, ಸೆಲ್ ವಾಚು: ಲೆಕ್ಕ ಹಾಕಿ ಕಟ್ಟಿಕೋ

ನೋಡಪ್ಪ, ತಾತನ ಎಚ್ಎಂಟಿ ಜನತಾ ನಿನ್ನ ಪಾಲಿಗೆ ಬಂತು, ಸಂತೋಷ. ಅದನ್ನೇ ಕಟ್ಟಿಕೊಂಡು ನರಸಾಪುರದ ಫ್ಯಾಕ್ಟರಿಗೆ ಹೋಗಲೇ, ಸೆಲ್ ಹಾಕುವ ಕ್ವಾರ್ಟ್ಜ್ ವಾಚು ಕೊಳ್ಳಲೇ, ಇಲ್ಲ ಹೊಸ ಆಟೋಮ್ಯಾಟಿಕ್ಕಿಗೇ ಹಣ ಹಾಕಲೇ ಎಂದು ಕೇಳಿದ್ದೀಯ. ಕೋಲಾರದಲ್ಲಿ ವಾಚ್ ರಿಪೇರಿ ಮೇಜಿನ ಮುಂದೆ ಕೂತೇ ಕಣ್ಣು ಸವೆಸಿದವನು ನಾನು. ಕೊಳ್ಳುವ ದಿನ ಅಂಗಡಿಯವನು ಹೇಳುವ ಬೆಲೆಯನ್ನು ನಂಬಿ ತೀರ್ಮಾನ ಮಾಡಬೇಡ. ವಾಚಿನ ನಿಜವಾದ ಬೆಲೆ ಗೊತ್ತಾಗುವುದು ಅದರ ಹಿಂಬದಿ ಮುಚ್ಚಳ ತೆಗೆದಾಗ.

ಮೊದಲು ಟೈಮಿನ ವಿಷಯ. ಜನತಾದಲ್ಲಿ ಕೀ ಕೊಟ್ಟರೆ ಮೇನ್‌ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಆ ಬಲ ಹಲ್ಲುಚಕ್ರಗಳ ಮೂಲಕ ಬ್ಯಾಲೆನ್ಸ್ ಚಕ್ರಕ್ಕೆ ಬರುತ್ತದೆ. ಕೂದಲಿನಷ್ಟು ಸಣ್ಣ ಹೇರ್‌ಸ್ಪ್ರಿಂಗ್ ಹಿಡಿದುಕೊಂಡು ಆ ಚಕ್ರ ಅತ್ತಿತ್ತ ತೂಗುತ್ತದೆ. ಸೆಕೆಂಡಿಗೆ 5 ಬಡಿತ, ಅಂದರೆ ದಿನಕ್ಕೆ 4 ಲಕ್ಷ 32 ಸಾವಿರ. ಇಷ್ಟರಲ್ಲಿ ಬರೀ 100 ಬಡಿತ ಹೆಚ್ಚುಕಡಿಮೆಯಾದರೆ ದಿನಕ್ಕೆ 20 ಸೆಕೆಂಡು ತಪ್ಪುತ್ತದೆ. ಹಳೆಯ ಕೀ ವಾಚು ಅಷ್ಟರಲ್ಲೇ ನಿಂತರೆ ಚೆನ್ನಾಗಿದೆ ಎಂದೇ ಲೆಕ್ಕ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಕ್ರೋನೋಮೀಟರ್ ಎಂದು ಸರ್ಟಿಫಿಕೇಟ್ ಕೊಡುವ ಮಷೀನಿಗೂ ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ಸಲುಗೆ ಇದೆ.

ಆ ತೂಗಾಟ ಉಯ್ಯಾಲೆಯ ಹಾಗೆ, ತಳ್ಳುವ ಕೈ ಸೋತರೆ ಅದೂ ಸೋಲುತ್ತದೆ. ತುಂಬ ಕೀ ಕೊಟ್ಟಾಗ ಒಂದು ನಡೆ, ಕೀ ಇಳಿಯುತ್ತ ಬಂದಾಗ ಇನ್ನೊಂದು ನಡೆ. ಅದಕ್ಕೇ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡು, ಗಟ್ಟಿಯಾಗಿ ನಿಂತ ಕೂಡಲೇ ಬಿಡು. ಮಲಗಿಸಿಟ್ಟಾಗ, ನಿಲ್ಲಿಸಿಟ್ಟಾಗ ಕೂಡ ನಡೆ ಬದಲಾಗುತ್ತದೆ, ಏಕೆಂದರೆ ಚಕ್ರದ ಭಾರ ಬೀಳುವ ಜಾಗ ಬೇರೆಯಾಗುತ್ತದೆ.

ಕ್ವಾರ್ಟ್ಜಿನಲ್ಲಿ ಈ ತಾಪತ್ರಯ ಇಲ್ಲ. ಎರಡು ಕಾಲಿನ ಸಣ್ಣ ಕವೆಯ ಆಕಾರಕ್ಕೆ ಕತ್ತರಿಸಿದ ಸ್ಫಟಿಕದ ಚೂರು ಸೆಲ್ಲಿನ ಕರೆಂಟಿಗೆ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ಪು ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ, ಸೆಕೆಂಡಿಗೊಂದು ತಟ್ಟು. ಆ ತಟ್ಟಿಗೆ ಸಣ್ಣ ಮೋಟಾರು ಅರ್ಧ ಸುತ್ತು ತಿರುಗಿ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಸಾಮಾನ್ಯ ಕ್ವಾರ್ಟ್ಜ್ ತಪ್ಪುವುದು ತಿಂಗಳಿಗೆ 15–20 ಸೆಕೆಂಡು. ಜನತಾ ಒಂದು ದಿನದಲ್ಲಿ ತಪ್ಪುವುದನ್ನು ಅದು ತಿಂಗಳಿಗೆ ತಪ್ಪುತ್ತದೆ ಎಂದುಕೋ. ಬಿಸಿಲಿನ ಕಾಟ ಮಾತ್ರ ಅದಕ್ಕೂ ಉಂಟು. ಸ್ಫಟಿಕ 25 ಡಿಗ್ರಿಯ ಸುಮಾರಿನಲ್ಲಿ ಸರಿಯಾಗಿರುತ್ತದೆ, ಅದಕ್ಕಿಂತ ಸೆಕೆಯಾದರೂ ಚಳಿಯಾದರೂ ತುಸು ನಿಧಾನವಾಗುತ್ತದೆ. ಏಪ್ರಿಲ್‌ನಲ್ಲಿ 35 ಡಿಗ್ರಿಯ ಕೋಣೆಯಲ್ಲಿ ತಿಂಗಳಿಡೀ ಬಿದ್ದಿದ್ದರೆ ಸುಮಾರು 9 ಸೆಕೆಂಡು ಹಿಂದೆ ಬೀಳುತ್ತದೆ, ಅಷ್ಟೇ.

ಈಗ ನಿನ್ನ ದಿನಚರಿಗೆ ಹಚ್ಚಿ ನೋಡು. ಮಾಲೂರಿನಿಂದ ಬೆಂಗಳೂರಿಗೆ ರೈಲು ಹಿಡಿಯುವವನಿಗೆ ಎರಡು ನಿಮಿಷವೂ ದೊಡ್ಡದು. ಜನತಾವನ್ನು ವಾರಕ್ಕೊಮ್ಮೆ ಮೊಬೈಲ್ ನೋಡಿ ಸರಿಮಾಡಿಕೊಂಡರೂ ವಾರದ ಕೊನೆಗೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ವ್ಯತ್ಯಾಸ ಬರಬಹುದು. ಅದು ಮುಂದೆ ಹೋಗುವ ವಾಚಾದರೆ ಬಚಾವು, ಹಿಂದೆ ಬೀಳುವುದಾದರೆ ರೈಲು ಹೋಯಿತು. ಶ್ರೀನಿವಾಸಪುರದ ಕಡೆ ತೋಟ ನೋಡಿಕೊಂಡು, ಬೆಳಿಗ್ಗೆ ಡೇರಿಗೆ ಹಾಲು ಹಾಕುವವನಿಗೆ ಅದರಿಂದ ನಷ್ಟವೇನೂ ಇಲ್ಲ.

ಇನ್ನು ಆರೈಕೆ. ತಾತನ ವಾಚನ್ನು ಯಾರಿಗೂ ಕೊಡುವ ಮೊದಲು ನೀನೇ ಒಂದು ಪರೀಕ್ಷೆ ಮಾಡು. ಬೆಳಿಗ್ಗೆ ಕೀ ಕೊಡು, ದಿನಾ ರಾತ್ರಿ 9ಕ್ಕೆ ಮೊಬೈಲಿನ ಟೈಮಿನ ಜೊತೆ ಹೋಲಿಸಿ ಎಷ್ಟು ಸೆಕೆಂಡು ವ್ಯತ್ಯಾಸ ಎಂದು ಬರೆದಿಡು. ನಡುವೆ ಮುಳ್ಳು ತಿರುಗಿಸಬೇಡ. ಹತ್ತು ದಿನ ಸಾಕು. ದಿನದಿಂದ ದಿನಕ್ಕೆ 18, 21, 17, 20 ಸೆಕೆಂಡು ಮುಂದೆ ಹೋಗುತ್ತಿದ್ದರೆ ಮಷೀನು ಆರೋಗ್ಯವಾಗಿದೆ. ತಪ್ಪಿದರೂ ಒಂದೇ ಸಮ ತಪ್ಪುತ್ತಿದೆ, ಬ್ಯಾಲೆನ್ಸಿನ ಮೇಲಿರುವ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಸರಿಹೋಗುತ್ತದೆ. ಒಂದು ದಿನ 15 ಮುಂದೆ, ಮರುದಿನ 30 ಹಿಂದೆ, ಅದರ ಮರುದಿನ 70 ಮುಂದೆ ಎಂದಾದರೆ ಕಡ್ಡಿ ಸರಿಸಿ ಪ್ರಯೋಜನವಿಲ್ಲ. ಒಳಗೆ ಎಣ್ಣೆ ಒಣಗಿದೆ, ಇಲ್ಲವೇ ದೂಳು ಸೇರಿದೆ. ಕೀ ಕೊಟ್ಟು ಮರುದಿನದ ತನಕವೂ ನಡೆಯದೆ ನಿಂತರೆ ಮೇನ್‌ಸ್ಪ್ರಿಂಗ್ ಸೋತಿರುತ್ತದೆ, ಅಥವಾ ಜಿಡ್ಡು ಕಟ್ಟಿ ಬಲ ಮುಂದಕ್ಕೆ ಹೋಗುತ್ತಿಲ್ಲ.

ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಅಯಸ್ಕಾಂತ ಹಿಡಿದಿದೆ ಎಂದು ಮೊದಲು ಅನುಮಾನಿಸು. ಸ್ಪೀಕರ್, ಮೋಟಾರು, ಅಯಸ್ಕಾಂತದ ಮೊಬೈಲ್ ಕವರ್ ಯಾವುದೂ ಸಾಕು. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗು ಗಿಡ್ಡವಾದಂತಾಗುತ್ತದೆ, ಬಡಿತ ಚುರುಕಾಗುತ್ತದೆ. ದಿಕ್ಸೂಚಿಯ ಹತ್ತಿರ ಹಿಡಿ, ಅದರ ಮುಳ್ಳು ಒದ್ದಾಡಿದರೆ ಇದೇ ರೋಗ. ರಿಪೇರಿಯವರ ಹತ್ತಿರ ಅಯಸ್ಕಾಂತ ಇಳಿಸುವ ಸಣ್ಣ ಯಂತ್ರ ಇರುತ್ತದೆ, ಕ್ಷಣದ ಕೆಲಸ. ಅದಕ್ಕೆ ಪೂರ್ತಿ ಸರ್ವಿಸ್ ಮಾಡಿಸಬೇಕು ಎಂದರೆ ಒಪ್ಪಬೇಡ.

ಪೂರ್ತಿ ಸರ್ವಿಸ್ ಎಂದರೆ ಏನು ಎಂಬುದೂ ತಿಳಿದಿರಲಿ. ಮಷೀನನ್ನು ಕೊನೆಯ ತಿರುಪಿನ ತನಕ ಬಿಚ್ಚಿ, ತೊಳೆದು, ಕಲ್ಲುಗಳ ಗುಳಿ ಒರೆಸಿ, ಜಾಗಕ್ಕೆ ತಕ್ಕ ಎಣ್ಣೆಯನ್ನು ಸೂಜಿಮೊನೆಯಷ್ಟೇ ಇಟ್ಟು, ಮತ್ತೆ ಜೋಡಿಸಿ ಕೆಲವು ದಿನ ನಡೆಸಿ ನೋಡಬೇಕು. ಹತ್ತು ನಿಮಿಷದಲ್ಲಿ ಪೆಟ್ರೋಲಿನಲ್ಲಿ ಅದ್ದಿ ಕೊಟ್ಟರೆ ಅದು ಸರ್ವಿಸ್ ಅಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಇದು ಬೇಕು. ಮಾಲೂರಿನ ಇಟ್ಟಿಗೆ ಗೂಡುಗಳ ನಡುವೆ ಓಡಾಡುವವನಿಗೆ ಇನ್ನೂ ಬೇಗ ಬೇಕಾಗಬಹುದು, ಹಳೆಯ ವಾಚುಗಳಲ್ಲಿ ಕೀ ಬಿರಡೆಯ ಸಂದಿನಿಂದಲೇ ದೂಳು, ಬೆವರು ಒಳಗೆ ಇಳಿಯುತ್ತವೆ. ಮುಚ್ಚಳ ತೆಗೆಸಿದಾಗ ಅದರ ಒಳಮೈ ನೋಡು. ನಮ್ಮ ಕಸುಬಿನವರು ಸೂಜಿಯಿಂದ ಗೀಚಿದ ತಾರೀಕು, ಗುರುತು ಅಲ್ಲಿರುತ್ತದೆ. ತಾತ ವಾಚನ್ನು ಎಷ್ಟು ಜೋಪಾನ ಮಾಡಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕ್ವಾರ್ಟ್ಜಿಗೆ ಬೇಕಾದದ್ದು ಎರಡು ಮೂರು ವರ್ಷಕ್ಕೊಂದು ಸೆಲ್, ಜೊತೆಗೆ ಮುಚ್ಚಳದ ವಾಷರ್ ಮೇಲೆ ಒಂದು ಕಣ್ಣು. ಕೆಲವು ವಾಚುಗಳಲ್ಲಿ ಸೆಲ್ ಮುಗಿಯುವಾಗ ಸೆಕೆಂಡಿನ ಮುಳ್ಳು ನಾಲ್ಕು ನಾಲ್ಕು ಸೆಕೆಂಡು ಒಟ್ಟಿಗೆ ಜಿಗಿಯುತ್ತದೆ, ಅದು ಎಚ್ಚರಿಕೆ. ನಿಂತ ಕ್ವಾರ್ಟ್ಜನ್ನು ಬೀರುವಿನಲ್ಲಿ ಮರೆತುಬಿಡುವುದೇ ಅದರ ಸಾವಿಗೆ ದಾರಿ. ಸತ್ತ ಸೆಲ್ ಸೋರಿ ಸರ್ಕ್ಯೂಟನ್ನು ತಿಂದುಹಾಕುತ್ತದೆ. ಕೂದಲಿಗಿಂತ ಸಣ್ಣ ತಂತಿ ಸುತ್ತಿದ ಕಾಯಿಲ್ ಇರುತ್ತದೆ, ಸೆಲ್ ಬದಲಾಯಿಸುವಾಗ ಚಿಮ್ಮಟ ಜಾರಿದರೂ ಅದು ತುಂಡಾಗುತ್ತದೆ. ಆಗ ಯಾರೂ ಬಿಡಿಭಾಗ ರಿಪೇರಿ ಮಾಡುವುದಿಲ್ಲ, ಮಷೀನನ್ನೇ ಬದಲಾಯಿಸುತ್ತಾರೆ. ಕಡಿಮೆ ಬೆಲೆಯ ವಾಚುಗಳಲ್ಲಿ ಮಿಯೋಟಾ 2035ರಂಥ ಎಲ್ಲೆಡೆ ಸಿಗುವ ಮಷೀನು ಇದ್ದರೆ ಚಿಂತೆ ಇಲ್ಲ. ಅಪರೂಪದ ಅಳತೆಯದಾದರೆ ಮುಂದೊಂದು ದಿನ ಅದೇ ತೊಡಕು.

ಈಗ ದುಡ್ಡು. 20 ವರ್ಷದ ಲೆಕ್ಕ ಹಾಕೋಣ. ಬೆಲೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು, ನಿನ್ನ ಊರಿನ ದರ ಕೇಳಿ ತಿದ್ದಿಕೋ. 1,500 ರೂಪಾಯಿಯ ಕ್ವಾರ್ಟ್ಜಿಗೆ ಎರಡು ವರ್ಷಕ್ಕೊಂದರಂತೆ 10 ಸೆಲ್, ತಲಾ 100, ಒಂದು ಸಲ ಮಷೀನ್ ಬದಲಿಗೆ 600. ಒಟ್ಟು 3,100. ತಾತನ ಜನತಾಕ್ಕೆ ಕೊಂಡ ಬೆಲೆ ಇಲ್ಲ. ಈಗ ಹೊಸ ಮೇನ್‌ಸ್ಪ್ರಿಂಗ್ ಸಮೇತ ಸರ್ವಿಸ್‌ಗೆ 1,000, ಆಮೇಲೆ ಐದೈದು ವರ್ಷಕ್ಕೆ 700ರಂತೆ ಮೂರು ಸಲ, ನಡುವೆ ಗಾಜು, ಕೀ ಬಿರಡೆಗೆಂದು 900. ಒಟ್ಟು 4,000. ಹೊಸ ಆಟೋಮ್ಯಾಟಿಕ್ 12,000 ಎಂದಿಟ್ಟುಕೊಂಡರೆ ಸರ್ವಿಸ್ ಮೂರು ಸಲಕ್ಕೆ 2,500ರಂತೆ 7,500, ಒಟ್ಟು 19,500. ವರ್ಷಕ್ಕೆ 155, 200, 975.

ಮೊದಲೆರಡರ ನಡುವೆ ವರ್ಷಕ್ಕೆ 45 ರೂಪಾಯಿಯ ವ್ಯತ್ಯಾಸ ಕಂಡು ಹಿಗ್ಗಬೇಡ. ಜನತಾದ ಲೆಕ್ಕ ನಿಲ್ಲುವುದು ಬಿಡಿಭಾಗ ಸಿಗುವ ತನಕ ಮಾತ್ರ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಶುರುವಾದ ಎಚ್ಎಂಟಿ ವಾಚಿನ ಕೆಲಸವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅದಕ್ಕೆ ಮೊದಲೇ, 1987ರಲ್ಲಿ, ನಮ್ಮ ಮಾಲೂರಿನ ಪಕ್ಕದ ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ವಾಚುಗಳು ಹೊರಬಂದಿದ್ದವು, ಕೀ ವಾಚು ಕೊಳ್ಳುವವರು ಕಡಿಮೆಯಾಗುತ್ತ ಬಂದರು. ಈಗ ಜನತಾದ ಬಿಡಿಭಾಗ ಹಳೆಯ ದಾಸ್ತಾನಿನಿಂದ, ಇಲ್ಲವೇ ಇನ್ನೊಂದು ಸತ್ತ ಜನತಾದಿಂದ ಬರಬೇಕು. ವಾಚು ಕಲ್ಲಿನ ನೆಲಕ್ಕೆ ಬಿದ್ದು ಬ್ಯಾಲೆನ್ಸಿನ ಅಚ್ಚು ಮುರಿದರೆ ನಿನ್ನ 20 ವರ್ಷದ ಲೆಕ್ಕ ಒಂದೇ ದಿನಕ್ಕೆ ಬುಡಮೇಲು.

ಆ ಭಯಕ್ಕೆ ಆನ್‌ಲೈನ್‌ನಲ್ಲಿ ಇನ್ನೊಂದು ಜನತಾ ಕೊಳ್ಳಲು ಹೊರಟರೆ ಹುಷಾರು. ಹಳೆಯ ಮಷೀನಿಗೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವವರು ಬಹಳ. ಅಕ್ಷರದ ಅಂಚು ದಪ್ಪಗಿದ್ದು, ಗೆರೆಗಳು ಓರೆಯಾಗಿದ್ದು, ಡಯಲ್ ಮಾತ್ರ ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದರೆ ಅದು ಬೆರಕೆ ಮಾಲು. ಮಷೀನಿನ ಫೋಟೊ ಕೊಡದವನಿಂದ ಕೊಳ್ಳಬೇಡ.

ಹಾಗಾಗಿ ನಾನು ಹೇಳುವುದಿಷ್ಟು. ಶಿಫ್ಟಿಗೆ, ಬೈಕಿಗೆ, ಮಳೆಗೆ ಒಂದು ಸಾದಾ ಕ್ವಾರ್ಟ್ಜ್ ಕಟ್ಟಿಕೋ, ಮಷೀನ್ ನಂಬರು ಕೇಳಿ ಕೊಂಡುಕೋ. ಆಟೋಮ್ಯಾಟಿಕ್ ಈಗ ಬೇಡ. ಅದರ ಬೆಲೆ ಕೊಡಬಲ್ಲೆಯಾದರೂ ಐದು ವರ್ಷಕ್ಕೊಮ್ಮೆ ಸರ್ವಿಸ್ ಖರ್ಚನ್ನು ಮುಖ ಗಂಟಿಕ್ಕದೆ ಕೊಡಬಲ್ಲೆ ಎಂದಾದ ಮೇಲೆ ನೋಡುವೆಯಂತೆ. ಜನತಾವನ್ನು ಹತ್ತು ದಿನ ಪರೀಕ್ಷೆ ಮಾಡು, ಆ ಚೀಟಿಯ ಸಮೇತ ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಮಷೀನನ್ನು ಕೊನೆಯ ತಿರುಪಿನ ತನಕ ಬಿಚ್ಚಿ ಜೋಡಿಸಬಲ್ಲ ಒಬ್ಬರನ್ನು ಹುಡುಕು. ನಿನ್ನೆದುರೇ ಮುಚ್ಚಳ ತೆಗೆಸು, ಏನು ಮಾಡುತ್ತೀರಿ ಎಂದು ಕೇಳು. ಬರೀ ಸೆಲ್ ಹಾಕುವವರು ಬೀದಿಗಿಬ್ಬರು ಸಿಗುತ್ತಾರೆ, ಹೇರ್‌ಸ್ಪ್ರಿಂಗ್ ಮುಟ್ಟಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅಂಥವರು ಸಿಕ್ಕರೆ ಅವರು ಕೇಳಿದ್ದರಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡಬೇಡ.