ಅರ್ಜಿ ಯಾರ ಬಳಿ ಎಷ್ಟು ದಿನ ಇತ್ತು? ಲೆಕ್ಕ ಹಾಕೋಣ ಬನ್ನಿ

ಸಂಘದ ಸಭೆಯಲ್ಲಿ ಆಗಾಗ ಕೇಳುವ ಮಾತು: "ಅರ್ಜಿ ಕೊಟ್ಟು ತಿಂಗಳಾಯ್ತು, ಶಾನುಭೋಗರು ಇಟ್ಕೊಂಡು ಕೂತಿದ್ದಾರೆ." ಇದು ನಿಜವೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಕಂಪ್ಯೂಟರ್ ಕಂಪನಿಗಳಲ್ಲಿ ಒಂದೊಂದು ದೂರಿಗೂ ಒಂದು ಟಿಕೆಟ್ ಎನ್ನುತ್ತಾರೆ, ಅದರ ಸ್ಥಿತಿ ಬದಲಾದಾಗಲೆಲ್ಲ ದಿನಾಂಕ ದಾಖಲಾಗುತ್ತದೆ. ನಮ್ಮ ನಾಡಕಚೇರಿ ಅರ್ಜಿಯೂ ಹಾಗೆಯೇ. RD ಎಂದು ಶುರುವಾಗುವ ಸಂಖ್ಯೆಯ ಸ್ವೀಕೃತಿ ಚೀಟಿಯೇ ನಮ್ಮ ಟಿಕೆಟ್.

ಕೇವಲ ಕಲಿಯುವುದಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಯ ತಾಯಿ ಮಗಳ ಕಾಲೇಜಿಗೆಂದು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ 2024ರ ಜೂನ್ 3ರಂದು ಅರ್ಜಿ ಕೊಟ್ಟರು. ಕಾಲೇಜಿಗೆ ಜುಲೈ 1ರೊಳಗೆ ಬೇಕಿತ್ತು. ಕೈಗೆ ಸಿಕ್ಕಿದ್ದು ಜುಲೈ 3ಕ್ಕೆ. ಅರ್ಜಿಯ ಚಲನವಲನ ಹೀಗಿತ್ತು:

ಜೂನ್ 3: ನಾಡಕಚೇರಿಯಲ್ಲಿ ಸ್ವೀಕಾರ
ಜೂನ್ 5: ಗ್ರಾಮ ಆಡಳಿತಾಧಿಕಾರಿಗೆ (ಶಾನುಭೋಗರಿಗೆ)
ಜೂನ್ 11: "ಅರ್ಜಿದಾರರಿಗೆ ಫೋನ್ ಮಾಡಲಾಗಿದೆ" ಎಂಬ ಟಿಪ್ಪಣಿ
ಜೂನ್ 14: ದಾಖಲೆ ಬೇಕೆಂದು ಅರ್ಜಿದಾರರಿಗೆ ವಾಪಸ್
ಜೂನ್ 24: ದಾಖಲೆ ಕೊಟ್ಟ ಮೇಲೆ ಮತ್ತೆ ಗ್ರಾಮ ಆಡಳಿತಾಧಿಕಾರಿಗೆ
ಜೂನ್ 27: ಕಂದಾಯ ನಿರೀಕ್ಷಕರಿಗೆ
ಜುಲೈ 1: ಉಪತಹಶೀಲ್ದಾರರಿಗೆ
ಜುಲೈ 3: ಮಂಜೂರು

ಮೊದಲು ಸಾಲುಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿಕೊಳ್ಳಿ. ಕೆಲವು ಪರದೆಗಳಲ್ಲಿ ಹೊಸದು ಮೇಲಿರುತ್ತದೆ, ಹಾಗೆಯೇ ಕಳೆದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆಮೇಲೆ ಬರೀ ಟಿಪ್ಪಣಿಯ ಸಾಲನ್ನು ಹೊಡೆದುಹಾಕಿ. ಜೂನ್ 11ರಂದು ಫೋನ್ ಮಾಡಿದ್ದು ನಿಜ, ಆದರೆ ಕಡತ ಜಾಗ ಬಿಟ್ಟು ಕದಲಿಲ್ಲ.

ಈಗ ಒಂದೇ ಸೂತ್ರ: ಒಂದು ಸ್ಥಿತಿಯಲ್ಲಿ ಕಳೆದ ಕಾಲ ಎಂದರೆ ಮುಂದಿನ ಬದಲಾವಣೆಯ ದಿನಾಂಕದಿಂದ ಈ ಬದಲಾವಣೆಯ ದಿನಾಂಕ ಕಳೆದದ್ದು. ನಾಡಕಚೇರಿಯಲ್ಲಿ 3ರಿಂದ 5, ಅಂದರೆ 2 ದಿನ. ಗ್ರಾಮ ಆಡಳಿತಾಧಿಕಾರಿ ಬಳಿ 5ರಿಂದ 14, ಅಂದರೆ 9. ಅರ್ಜಿದಾರರ ಬಳಿ 14ರಿಂದ 24, ಅಂದರೆ 10. ಮತ್ತೆ ಗ್ರಾಮ ಆಡಳಿತಾಧಿಕಾರಿ ಬಳಿ 3. ಕಂದಾಯ ನಿರೀಕ್ಷಕರ ಬಳಿ 4. ಉಪತಹಶೀಲ್ದಾರರ ಬಳಿ 2.

ಒಬ್ಬರ ಬಳಿ ಎರಡು ಸಲ ಹೋಗಿದ್ದರೆ ಎರಡನ್ನೂ ಕೂಡಿಸಬೇಕು. ಗ್ರಾಮ ಆಡಳಿತಾಧಿಕಾರಿಗೆ 9 ಮತ್ತು 3, ಒಟ್ಟು 12 ದಿನ. ಇಲ್ಲೇ ಬಹಳ ಜನ ತಪ್ಪುತ್ತಾರೆ. ಮೊದಲು ಬಂದ ಜೂನ್ 5 ಮತ್ತು ಕೊನೆಗೆ ಹೋದ ಜೂನ್ 27 ಎರಡನ್ನೇ ನೋಡಿ "22 ದಿನ ಇಟ್ಕೊಂಡ್ರು" ಎನ್ನುತ್ತಾರೆ. ಅದರಲ್ಲಿ 10 ದಿನ ಅರ್ಜಿ ಇದ್ದದ್ದು ನಮ್ಮ ಮನೆಯಲ್ಲೇ!

ಲೆಕ್ಕ ಸರಿಯೇ ಎಂದು ತಾಳೆ ನೋಡಿ. 2, 12, 10, 4, 2 ಕೂಡಿದರೆ 30. ಜೂನ್ 3ರಿಂದ ಜುಲೈ 3ಕ್ಕೂ 30. ಹೊಂದದಿದ್ದರೆ ಯಾವುದೋ ಸಾಲು ಬಿಟ್ಟಿದ್ದೀರಿ ಅಥವಾ ಎರಡು ಸಲ ಹಿಡಿದಿದ್ದೀರಿ. ಹೆಚ್ಚಾಗಿ ಬಿಟ್ಟುಹೋಗುವುದು ಮೊದಲ ಸ್ಥಿತಿ, ಯಾಕಂದ್ರೆ ಅದರ ಆರಂಭ "ಬದಲಾವಣೆ" ಅಲ್ಲ, ಅರ್ಜಿ ಕೊಟ್ಟ ದಿನ. ಅರ್ಜಿ ಇನ್ನೂ ಮುಗಿದಿಲ್ಲದಿದ್ದರೆ ಕೊನೆಯ ಸ್ಥಿತಿಯನ್ನು ಇವತ್ತಿನ ದಿನಾಂಕದವರೆಗೆ ಎಣಿಸಿ.

ರಜೆಯ ದಿನಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕಂದಾಯ ನಿರೀಕ್ಷಕರ 4 ದಿನದಲ್ಲಿ ಜೂನ್ 30ರ ಭಾನುವಾರವೂ ಸೇರಿದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಅರ್ಜಿ ಎಲ್ಲಿತ್ತು ಎಂದು ಹೇಳುತ್ತದೆ, ಯಾಕೆ ನಿಂತಿತು ಎಂದು ಹೇಳುವುದಿಲ್ಲ. ದಿನಾಂಕ ಬೀಳುವುದು ಕಂಪ್ಯೂಟರಿನಲ್ಲಿ ಒತ್ತಿದಾಗ. ವರದಿ ಮೊದಲೇ ಬರೆದಿದ್ದರೂ ತಡವಾಗಿ ಒತ್ತಿದರೆ ತಡವಾದ ದಿನವೇ ಕಾಣುತ್ತದೆ.

ಹಾಗಾದರೆ ಆ ತಾಯಿಗೆ ಏನು ತಿಳಿಯಿತು? ಕೇಳಿದ ದಾಖಲೆಯನ್ನು ಮೂರು ದಿನದಲ್ಲಿ ಕೊಟ್ಟಿದ್ದರೆ, ಉಳಿದದ್ದು ಹಾಗೇ ನಡೆದಿದ್ದರೂ, ಜೂನ್ 26ಕ್ಕೇ ಪ್ರಮಾಣಪತ್ರ ಬರುತ್ತಿತ್ತು. ಹಾಗೆಯೇ ದಾಖಲೆ ಕಮ್ಮಿ ಇದೆ ಎಂದು ಹೇಳುವುದಕ್ಕೆ ಕಚೇರಿ 9 ದಿನ ತೆಗೆದುಕೊಂಡಿದ್ದೂ ಪ್ರಶ್ನೆ ಮಾಡತಕ್ಕದ್ದೇ.

ಪೂರ್ತಿ ಚಲನವಲನ ಪರದೆಯಲ್ಲಿ ಕಾಣದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ "ನನ್ನ ಅರ್ಜಿಯ ದಿನಾಂಕವಾರು ಚಲನವಲನ ಕೊಡಿ" ಎಂದು ಕೇಳಬಹುದು. ಚೀಟಿಯಲ್ಲಿ ಬರೆದ ಕೊನೆ ದಿನಾಂಕ ದಾಟಿದ್ದರೆ, 2012ರ ಏಪ್ರಿಲ್ 2ರಂದು ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಕೊಡಬಹುದು. ಆಗ ಈ ಲೆಕ್ಕದ ಹಾಳೆಯನ್ನೂ ಜೊತೆಗಿಡಿ. ನಮ್ಮ 10 ದಿನವನ್ನೂ ಅದರಲ್ಲಿ ಬಿಡದೆ ಬರೆಯಿರಿ. ಅದನ್ನು ಮುಚ್ಚಿಟ್ಟರೆ ಕಚೇರಿಯವರು ಮೊದಲು ತೋರಿಸುವುದೇ ಅದನ್ನು.